ಘಾಟಿಯಲ್ಲಿ ನಿಂತ ಗಾಡಿ ಎಲ್ಲಿದೆ?

ಸಕಲೇಶಪುರದಲ್ಲಿ ನಮ್ಮ ತಂದೆ ಲಾರಿ ರಿಪೇರಿ ಮಾಡುತ್ತಿದ್ದರು. ಆಗ ಶಿರಾಡಿ ಘಾಟಿಯಲ್ಲಿ ಗಾಡಿ ಕೆಟ್ಟರೆ ಸುದ್ದಿ ತರುತ್ತಿದ್ದವನು ಕ್ಲೀನರ್. ಮಂಗಳೂರು ಕಡೆಯಿಂದ ಹತ್ತಿ ಬರುವ ಯಾವುದಾದರೂ ಲಾರಿಗೆ ಕೈ ಅಡ್ಡ ಹಾಕಿ, ಅದರಲ್ಲಿ ಕೂತು ಬಂದು, ಗ್ಯಾರೇಜಿನ ಮುಂದೆ ಇಳಿಯುತ್ತಿದ್ದ. "ಮೇಸ್ತ್ರಿ, ಆಕ್ಸಲ್ ಕಟ್ಟಾಗಿದೆ. ಕೆಂಪುಹೊಳೆ ಗೆಸ್ಟ್‌ಹೌಸಿನಿಂದ ಕೆಳಗೆ ಎರಡನೇ ತಿರುವು." ತಂದೆ ಸಾಮಾನು ತುಂಬಿಕೊಂಡು ಹೊರಡುವಾಗ ಕ್ಲೀನರನ್ನೂ ಹತ್ತಿಸಿಕೊಳ್ಳುತ್ತಿದ್ದರು. ಅವನು ಹೇಳಿದ ಜಾಗ ಸ್ವಲ್ಪ ಹೆಚ್ಚುಕಮ್ಮಿಯಾದರೂ ತೊಂದರೆಯಿರಲಿಲ್ಲ, ಕಣ್ಣಾರೆ ಕಂಡವನೇ ಪಕ್ಕದಲ್ಲಿ ಕೂತಿರುತ್ತಿದ್ದ. ಅಪಘಾತವಾದರೂ ಅದೇ ಕ್ರಮ. ಗಾಯಗೊಂಡವರನ್ನು ಸಿಕ್ಕಿದ ಗಾಡಿಗೆ ಹಾಕಿಕೊಂಡು ಬರುತ್ತಿದ್ದರು. ತಡವಾದ್ದರಿಂದ ಸತ್ತವರು ಎಷ್ಟೋ ಜನ. ಆ ಕಾಲ ಒಳ್ಳೆಯದಿತ್ತು ಎಂದು ನಾನು ಹೇಳಲಾರೆ.

2008ರಲ್ಲಿ ಕರ್ನಾಟಕಕ್ಕೆ 108 ಬಂತು. ಈಗ ಘಾಟಿಯಿಂದ ಮಾಡಿದ ಕರೆಯನ್ನು ಎತ್ತುವವರು ಬೆಂಗಳೂರಿನಲ್ಲಿರುತ್ತಾರೆ. ಅವರು ಕೇಳುವುದು ಜಿಲ್ಲೆ, ತಾಲ್ಲೂಕು, ಹತ್ತಿರದ ಗುರುತು. ಅಲ್ಲೇ ಜನ ತಡವರಿಸುತ್ತಾರೆ. ಶಿರಾಡಿ ಘಾಟಿಯ ಮೇಲ್ಭಾಗ ಹಾಸನ ಜಿಲ್ಲೆ, ಸಕಲೇಶಪುರ ತಾಲ್ಲೂಕು. ಕೆಳಗೆ ಗುಂಡ್ಯಕ್ಕೆ ಇಳಿದರೆ ದಕ್ಷಿಣ ಕನ್ನಡ. ಮಳೆಯಲ್ಲಿ, ಕತ್ತಲಲ್ಲಿ, ಎರಡೂ ಕಡೆ ಕಾಡೇ ಇರುವ ಜಾಗದಲ್ಲಿ ಹೊರಗಿನವರಿಗೆ ಗಡಿ ಗೊತ್ತಾಗುವುದಿಲ್ಲ. "ಘಾಟಿಯಲ್ಲಿದ್ದೇವೆ" ಎನ್ನುತ್ತಾರೆ. ಆಂಬ್ಯುಲೆನ್ಸನ್ನು ಮೇಲಿನಿಂದ ಇಳಿಸಬೇಕೋ ಕೆಳಗಿನಿಂದ ಹತ್ತಿಸಬೇಕೋ ಎಂಬುದು ಅಷ್ಟರಿಂದ ತಿಳಿಯುವುದಿಲ್ಲ.

ಹೆದ್ದಾರಿಯ ನಂಬರ್ ಹೇಳಿದರೆ ಸಾಕು ಎಂದುಕೊಳ್ಳುವವರಿದ್ದಾರೆ. ನಮ್ಮ ರಸ್ತೆಯ ಮಟ್ಟಿಗೆ ಅದೂ ಎಚ್ಚರದಿಂದ ಹೇಳಬೇಕಾದ ವಿಷಯ. ನಾವು ಬೆಳೆಯುವಾಗ ಬೆಂಗಳೂರು–ಮಂಗಳೂರು ರಸ್ತೆ ರಾಷ್ಟ್ರೀಯ ಹೆದ್ದಾರಿ 48. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟಾಗ ಇದು 75 ಆಯಿತು. 48 ಎಂಬ ನಂಬರ್ ಮಾಯವಾಗಲಿಲ್ಲ. ಪುಣೆಯಿಂದ ಹುಬ್ಬಳ್ಳಿ, ಚಿತ್ರದುರ್ಗ, ತುಮಕೂರು ಮೇಲೆ ಬೆಂಗಳೂರಿಗೆ ಬರುವ ರಸ್ತೆಗೆ, ಅಂದರೆ ಹಳೆಯ 4ನೇ ನಂಬರಿನ ಹೆದ್ದಾರಿಗೆ, ಹೋಗಿ ಕೂತಿತು. ಹಳಬರ ಬಾಯಲ್ಲಿ ಇಂದಿಗೂ ನಮ್ಮದು 48. ಅವರು "ನಲವತ್ತೆಂಟರಲ್ಲಿ ಅಪಘಾತ" ಎಂದಷ್ಟೇ ಹೇಳಿದರೆ, ಕೇಳಿಸಿಕೊಂಡವರ ತಲೆಗೆ ಬರುವುದು ಚಿತ್ರದುರ್ಗದ ಬಯಲು. ಆದ್ದರಿಂದ ನಂಬರಿಗಿಂತ ಮೊದಲು ಎರಡು ಊರುಗಳ ಹೆಸರು ಬರಬೇಕು: ಸಕಲೇಶಪುರ ಬಿಟ್ಟು ಗುಂಡ್ಯದ ಕಡೆ ಇಳಿಯುತ್ತಿದ್ದೆವು, ಮಾರನಹಳ್ಳಿ ದಾಟಿದ್ದೇವೆ, ಕೆಂಪುಹೊಳೆ ಇನ್ನೂ ಬಂದಿಲ್ಲ. ಬೆಂಗಳೂರಿನವರಿಗೆ ಮಾರನಹಳ್ಳಿ ಗೊತ್ತಿಲ್ಲದಿರಬಹುದು. ಆದರೆ ಆ ಮಾತು ಕೊನೆಗೆ ತಲುಪುವುದು ಸ್ಥಳೀಯ ಆಂಬ್ಯುಲೆನ್ಸಿನ ಚಾಲಕನಿಗೆ, ಅವನಿಗೆ ಅಷ್ಟು ಸಾಕು.

ಅದಕ್ಕಿಂತ ಖಚಿತವಾದದ್ದು ರಸ್ತೆಯ ಅಂಚಿನಲ್ಲೇ ಇದೆ. ಹಳದಿ ತಲೆಯ ಮೈಲಿಗಲ್ಲನ್ನು ಎಲ್ಲರೂ ನೋಡಿದ್ದಾರೆ. ರಾಷ್ಟ್ರೀಯ ಹೆದ್ದಾರಿಗೆ ಹಳದಿ, ರಾಜ್ಯ ಹೆದ್ದಾರಿಗೆ ಹಸಿರು. ನಡುವೆ ಪ್ರತಿ 200 ಮೀಟರಿಗೆ ನೆಡುವ ಸಣ್ಣ ಕಲ್ಲುಗಳ ಮೇಲೆ 2, 4, 6, 8 ಎಂದಿರುತ್ತದೆ. ಹೆಚ್ಚಿನವರು ಗಮನಿಸದಿರುವುದು ಮೋರಿಯ ಕಟ್ಟೆಯ ಮೇಲಿನ ಬರಹ. ಮೋರಿಯ ಕಟ್ಟೆಗೆ ಬಳಿದ ಸುಣ್ಣದ ಮೇಲೆ ಕಪ್ಪು ಅಕ್ಷರದಲ್ಲಿ ಒಂದು ಗೆರೆ ಎಳೆದು ಮೇಲೊಂದು ಕೆಳಗೊಂದು ಅಂಕಿ ಬರೆದಿರುತ್ತಾರೆ. ಮೇಲಿನದು ಕಿಲೋಮೀಟರ್, ಕೆಳಗಿನದು ಆ ಕಿಲೋಮೀಟರಿನೊಳಗೆ ಅದು ಎಷ್ಟನೇ ಮೋರಿ ಎಂಬುದು. ಘಾಟಿಯಲ್ಲಿ ತೊರೆಗಳು ಹೆಚ್ಚು, ಮೋರಿಗಳೂ ಹೆಚ್ಚು. ಹತ್ತು ನಿಮಿಷ ಹುಷಾರಾಗಿ ಅಂಚಿನಲ್ಲೇ ನಡೆದರೆ ಒಂದು ಸಿಕ್ಕೀತು. ಅಗಲೀಕರಣದ ಕೆಲಸ ನಡೆದ ಕಡೆ ಕಲ್ಲೂ ಹೋಗಿರುತ್ತದೆ, ಕಟ್ಟೆಯೂ ಹೋಗಿರುತ್ತದೆ. ಆಗ ಫೋನಿನ ಮೊರೆಹೋಗದೆ ವಿಧಿಯಿಲ್ಲ.

ಫೋನಿಗೆ ಜಾಗ ತಿಳಿಯಲು ನೆಟ್‌ವರ್ಕ್ ಬೇಕಿಲ್ಲ. ಜಿಪಿಎಸ್ ಸಂಕೇತ ಬರುವುದು ಆಕಾಶದಿಂದ. ನೆಟ್‌ವರ್ಕ್ ಇಲ್ಲದಿದ್ದರೆ ನಕ್ಷೆಯ ಚಿತ್ರ ಬರದೆ ಬರೀ ಬೂದು ಪರದೆ ಕಾಣಬಹುದು, ಆದರೂ ಅಕ್ಷಾಂಶ ರೇಖಾಂಶಗಳ ಅಂಕಿ ಸಿಗುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ನೀಲಿ ಚುಕ್ಕಿಯನ್ನು ಒತ್ತಿ ಹಿಡಿದರೆ ಅದು ಕಾಣುತ್ತದೆ. ಚುಕ್ಕಿ ನೀಲಿಯಾಗಿರದೆ ಬೂದಾಗಿದ್ದರೆ ಅದು ಹಿಂದೆಲ್ಲೋ ಕಂಡ ಜಾಗ, ಅದನ್ನು ಹೇಳಕೂಡದು. ಚುಕ್ಕಿಯ ಸುತ್ತ ದೊಡ್ಡ ವೃತ್ತವಿದ್ದರೆ ಫೋನಿಗಿನ್ನೂ ಅನುಮಾನವಿದೆ ಎಂದರ್ಥ. ಬಂಡೆಯ ಬುಡದಿಂದ, ಮರದ ಅಡಿಯಿಂದ ಈಚೆ ಬಂದು ಸ್ವಲ್ಪ ಹೊತ್ತು ನಿಂತರೆ ವೃತ್ತ ಕುಗ್ಗುತ್ತದೆ.

ಅಂಕಿ ಸಿಕ್ಕಮೇಲೆ ಅದನ್ನು ಓದುವ ರೀತಿಯಲ್ಲೇ ದೊಡ್ಡ ಅನಾಹುತ ಆಗುತ್ತದೆ. ಕೆಂಪುಹೊಳೆಯ ಆಸುಪಾಸಿನ ಒಂದು ಜಾಗವನ್ನು ತೆಗೆದುಕೊಳ್ಳಿ. ಮ್ಯಾಪ್ಸ್‌ನಲ್ಲಿ ಅದು 12.8800, 75.6800. ಅದೇ ಜಾಗ ಐಫೋನಿನ ಕಂಪಾಸ್‌ನಲ್ಲಿ 12°52'48", 75°40'48" ಎಂದು ಕಾಣುತ್ತದೆ. ಎರಡೂ ಸರಿ. ಒಂದು ದಶಮಾಂಶದ ಲೆಕ್ಕ, ಇನ್ನೊಂದು ಒಂದು ಡಿಗ್ರಿಗೆ 60 ಮಿನಿಟಿನ ಲೆಕ್ಕ. ಗಾಬರಿಯಲ್ಲಿ ಎರಡನೆಯದನ್ನು "ಹನ್ನೆರಡು, ಐವತ್ತೆರಡು, ನಲವತ್ತೆಂಟು" ಎಂದು ಓದಿದರೆ, ಆ ಕಡೆಯವರು 12.5248 ಎಂದು ಬರೆದುಕೊಳ್ಳುತ್ತಾರೆ. ರೇಖಾಂಶವೂ 75.4048 ಆಗುತ್ತದೆ. ಆ ಬಿಂದು ಇರುವುದು ಸುಳ್ಯದ ಸಮೀಪ. ನೇರ ಗೆರೆ ಎಳೆದರೇ ಸುಮಾರು 50 ಕಿಲೋಮೀಟರ್ ದೂರ, ಬೆಟ್ಟದ ಆಚೆಗೆ. ಅದೂ ಕರ್ನಾಟಕದ್ದೇ ಊರು, ಕಾಡಿನ ಪ್ರದೇಶವೇ. ಆದ್ದರಿಂದ ತಪ್ಪಾಗಿದೆ ಎಂದು ಯಾರಿಗೂ ಅನುಮಾನ ಬರುವುದಿಲ್ಲ. "ಹನ್ನೆರಡು ಪಾಯಿಂಟ್ ಎಂಟು ಎಂಟು" ಎಂದು ಒಂದೊಂದೇ ಅಂಕಿ ಬಿಡಿಸಿ ಓದಬೇಕು, ಅವರಿಂದ ತಿರುಗಿ ಹೇಳಿಸಬೇಕು, ಜೊತೆಗೆ ಊರಿನ ಹೆಸರನ್ನೂ ಕೊಡಬೇಕು. ಅಂಕಿ ಸುಳ್ಯ ತೋರಿಸಿ ಹೆಸರು ಸಕಲೇಶಪುರ ಎಂದಾಗ ಮಾತ್ರ ತಪ್ಪು ಸಿಕ್ಕಿಬೀಳುತ್ತದೆ. ದಶಮಾಂಶದ ನಂತರ ನಾಲ್ಕು ಅಂಕಿ ಸಾಕು, ಅದು ಹತ್ತು ಹನ್ನೊಂದು ಮೀಟರಿನವರೆಗೆ ಹಿಡಿದು ಕೊಡುತ್ತದೆ. ಎರಡಕ್ಕೇ ನಿಲ್ಲಿಸಿದರೆ ಒಂದು ಕಿಲೋಮೀಟರಿನಷ್ಟು ವ್ಯತ್ಯಾಸ ಬರಬಹುದು. ರಸ್ತೆಯಲ್ಲಾದರೆ ಪರವಾಗಿಲ್ಲ, ಕಾಡಿನಲ್ಲಿ ಒಂದು ಕಿಲೋಮೀಟರ್ ಎಂದರೆ ಅರ್ಧ ದಿನದ ಹುಡುಕಾಟ.

ಕಾಡಿನಲ್ಲಿ ಇನ್ನೊಂದು ಮಾತಿದೆ. ಕುಮಾರಪರ್ವತದಲ್ಲಿ ದಾರಿ ತಪ್ಪಿದವರನ್ನು ಹುಡುಕಲು ಹೊರಟವರಿಗೆ ಮೊದಲು ಬೇಕಾಗುವುದು ಕೊನೆಯ ಖಚಿತ ಜಾಗ: ಗಿರಿಗದ್ದೆಯ ಭಟ್ಟರ ಮನೆ ಬಿಟ್ಟದ್ದು ಎಷ್ಟು ಹೊತ್ತಿಗೆ, ಕಲ್ಲುಮಂಟಪ ಸಿಕ್ಕಿತೇ ಇಲ್ಲವೇ. ಜಾಗ ಹೇಳಿದ ಮೇಲೆ ಅಲ್ಲಿಂದ ಕದಲಬಾರದು. ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರೆ, ಕೊಟ್ಟ ಅಂಕಿ ಕೆಲಸಕ್ಕೆ ಬಾರದಂತಾಗುತ್ತದೆ. ಹತ್ತಲೇಬೇಕಾದರೆ ಹತ್ತಿದ ಮೇಲಿನ ಜಾಗದ ಅಂಕಿ ಮತ್ತೆ ಕೊಡಬೇಕು. ಮಾತು ಕಡಿದುಹೋಗುವ ಜಾಗದಿಂದಲೂ ಎಸ್ಸೆಮ್ಮೆಸ್ ಕೆಲವೊಮ್ಮೆ ಹೋಗುತ್ತದೆ. ಅಂಕಿಯನ್ನು ಮನೆಯವರಿಗೆ ಹಾಗೆ ಕಳಿಸಿದರೆ ಅವರು ಅದನ್ನು ಮುಂದಕ್ಕೆ ಓದಿ ಹೇಳಬಹುದು. ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ 112 ಹೋಗುತ್ತದೆ. ಅದೂ ಇಲ್ಲದ ಕಣಿವೆಗಳು ಪಶ್ಚಿಮ ಘಟ್ಟದಲ್ಲಿ ಬೇಕಾದಷ್ಟಿವೆ.

ನಮ್ಮ ರಸ್ತೆ ಈಗ ಸಕಲೇಶಪುರದ ಕಡೆ ನಾಲ್ಕು ಪಥವಾಗಿದೆ, ನಡುವೆ ಡಿವೈಡರ್ ಇದೆ. ಕರೆ ಮಾಡಿ ಸ್ವಲ್ಪ ಹೊತ್ತಿಗೆ ಆಂಬ್ಯುಲೆನ್ಸಿನ ಚಾಲಕನೇ ಫೋನ್ ಮಾಡುತ್ತಾನೆ, ಗುರುತಿಲ್ಲದ ನಂಬರಿನಿಂದ. ಆಗ ನೆಂಟರಿಗೆಲ್ಲ ಸುದ್ದಿ ಹೇಳುತ್ತ ಫೋನ್ ಬ್ಯುಸಿ ಇಟ್ಟುಕೊಂಡಿದ್ದರೆ ಅವನಿಗೆ ದಾರಿ ಕೇಳಲಾಗುವುದಿಲ್ಲ. ಅವನು ಕೇಳುವುದು ಒಂದೇ ಪ್ರಶ್ನೆ: ಮಂಗಳೂರಿಗೆ ಹೋಗುವ ಬದಿಯೋ, ಬೆಂಗಳೂರಿಗೆ ಬರುವ ಬದಿಯೋ? ತಪ್ಪು ಬದಿಯಲ್ಲಿ ಬಂದರೆ ಎದುರಿಗೇ ಗಾಯಾಳು ಕಂಡರೂ ಡಿವೈಡರ್ ತೆರೆದಿರುವ ಜಾಗ ಸಿಗುವವರೆಗೆ ಅವನು ಮುಂದೆ ಹೋಗಿಯೇ ತಿರುಗಬೇಕು.