ಚಿತ್ರವೋ ವಿಡಿಯೊವೋ: ಮಮದಾಪುರ ಸೀಮೆಯ ಟ್ಯೂಷನ್ ಜಾಹೀರಾತಿನ ಲೆಕ್ಕ

ಬಬಲೇಶ್ವರ ಮತ್ತು ತಿಕೋಟಾ ಸೀಮೆಯ ಟ್ಯೂಷನ್ ಕೇಂದ್ರಗಳು ತಮ್ಮ ಹೆಸರನ್ನು ಊರಿಗೆ ಮುಟ್ಟಿಸುತ್ತಿದ್ದ ಬಗೆಯನ್ನು ಹತ್ತಿರದಿಂದ ಕಂಡವರ ನೆನಪಿನಲ್ಲಿ ಮೊದಲು ಬರುವುದು ಸುಣ್ಣ ಬಳಿದ ಗೋಡೆಯ ಮೇಲಿನ ನೀಲಿ ಅಕ್ಷರಗಳು, ಸಂತೆಯ ದಿನ ಹಂಚುತ್ತಿದ್ದ ಪಾಂಪ್ಲೆಟ್ ಮತ್ತು ಮೈಕು ಕಟ್ಟಿಕೊಂಡು ಓಣಿ ಓಣಿ ಸುತ್ತುತ್ತಿದ್ದ ಆಟೊ. ಗೋಡೆ ಬರೆಯುವವನ ಕೆಲಸವನ್ನು ಫ್ಲೆಕ್ಸ್ ಅಂಗಡಿ ಕಸಿದುಕೊಂಡಿತು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದರೂ ಅದು ಊರ ಕೂಟಗಳಿಂದ ಪೂರ್ತಿ ಇಳಿಯಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದದ್ದು ಮಾತ್ರ ನಿಜವಾದ ತಿರುವಾಯಿತು, ಏಕೆಂದರೆ ಆ ಬಳಿಕ ಜಾಹೀರಾತನ್ನು ಕಾಣಬೇಕಾದ ಕಣ್ಣು ರಸ್ತೆಯಿಂದ ಮೊಬೈಲಿಗೆ ಸರಿಯಿತು.

ಫ್ಲೆಕ್ಸಿನ ಕಾಲದಲ್ಲಿ ಜಾಹೀರಾತಿನ ಫಲವನ್ನು ತಿಳಿಯುವ ಸಾಧನ ಒಂದೇ ಇತ್ತು: ಮಗುವನ್ನು ಸೇರಿಸಲು ಬಂದ ಪಾಲಕರಿಗೆ ಕೇಳುವ "ಯಾರ ಹೇಳಿದ್ರು ನಿಮಗ?" ಎಂಬ ಪ್ರಶ್ನೆ. "ನಮ್ಮ ಅಣ್ಣನ ಮಗ ಇಲ್ಲೇ ಕಲ್ತಾನ್ರೀ" ಎಂಬ ಉತ್ತರವೇ ಹೆಚ್ಚಾಗಿ ಬರುತ್ತಿದ್ದುದರಿಂದ ಫ್ಲೆಕ್ಸಿಗೆ ಹಾಕಿದ ದುಡ್ಡು ಏನಾಯಿತೆಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಜಾಹೀರಾತು ತಂದದ್ದು ಎಣಿಕೆ. ಆದರೆ ಸಣ್ಣ ಬಂಡವಾಳದ ಕೇಂದ್ರವೊಂದು ಆ ಎಣಿಕೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ಬೇರೆಯೇ ಪ್ರಶ್ನೆ, ಮತ್ತು ಚಿತ್ರ ಮೇಲೋ ವಿಡಿಯೊ ಮೇಲೋ ಎಂಬ ಚರ್ಚೆಯಲ್ಲಿ ಎಲ್ಲರೂ ಎಡವುವುದು ಇಲ್ಲಿಯೇ.

ನವೋದಯ ವಿದ್ಯಾಲಯದ ಆರನೆಯ ತರಗತಿಯ ಪ್ರವೇಶ ಪರೀಕ್ಷೆಗೆ ಐದನೆಯ ತರಗತಿಯ ಮಕ್ಕಳನ್ನು ಸಿದ್ಧಗೊಳಿಸುವ ಮಮದಾಪುರದ ಒಂದು ಕೇಂದ್ರವನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಅದರ ಒಟ್ಟು ಜಾಹೀರಾತು ಹಣ 3,000 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 540 ರೂಪಾಯಿ. ಇಂಥ ಕೇಂದ್ರಗಳ ಚಿತ್ರ ಜಾಹೀರಾತು ಸಾಮಾನ್ಯವಾಗಿ ಫ್ಲೆಕ್ಸಿನದೇ ಮರಿ: ಆಯ್ಕೆಯಾದ ಮಕ್ಕಳ ಪಾಸ್‌ಪೋರ್ಟ್ ಅಳತೆಯ ಇಪ್ಪತ್ತು ಮುಖಗಳು, ಕೆಂಪು ಹಳದಿ ಅಕ್ಷರ, ಕೆಳಗೆ ಮೂರು ಫೋನ್ ನಂಬರು. ಹತ್ತು ಅಡಿಯ ಫ್ಲೆಕ್ಸಿನಲ್ಲಿ ಗುರುತು ಸಿಗುವ ಮುಖ ಅಂಗೈ ಅಗಲದ ಪರದೆಯಲ್ಲಿ ಜೋಳದ ಕಾಳಿನಷ್ಟಾಗುತ್ತದೆ. ಇದಲ್ಲದೆ, ಆಯ್ಕೆಯಾದ ವಿದ್ಯಾರ್ಥಿಯ ಹೆಸರು ಮತ್ತು ಫೋಟೊವನ್ನು ಫಲಿತಾಂಶದ ಬಳಿಕ ಪಡೆದ ಲಿಖಿತ ಒಪ್ಪಿಗೆಯಿಲ್ಲದೆ ಬಳಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಕೋಚಿಂಗ್ ಜಾಹೀರಾತುಗಳ ಕುರಿತು 2024ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ.

ವಿಡಿಯೊಗೆ ಒಳ್ಳೆಯ ಸಾಮಗ್ರಿ ಪ್ರವೇಶ ಪರೀಕ್ಷೆಯಲ್ಲಿಯೇ ಇದೆ. ಎಂಬತ್ತು ಪ್ರಶ್ನೆಗಳಲ್ಲಿ ನಲವತ್ತು ಮಾನಸಿಕ ಸಾಮರ್ಥ್ಯಕ್ಕೆ ಸೇರಿದವು, ಅಂದರೆ ಆಕೃತಿಗಳನ್ನು ನೋಡಿ ಗುಂಪಿಗೆ ಸೇರದ್ದನ್ನು ಗುರುತಿಸುವುದು ಮೊದಲಾದ ಬಗೆಯವು. ಶಿಕ್ಷಕರು ಕರಿಹಲಗೆಯ ಮೇಲೆ ನಾಲ್ಕು ಆಕೃತಿ ಬರೆದು "ಇದರಾಗ ಬ್ಯಾರೆ ಯಾವುದು?" ಎಂದು ಮೊದಲ ಮೂರು ಸೆಕೆಂಡಿನಲ್ಲೇ ಕೇಳಿದರೆ ನೋಡುಗ ಬೆರಳನ್ನು ತಡೆಯುತ್ತಾನೆ, ಹಲವರು ಸದ್ದಿಲ್ಲದೆ ನೋಡುವುದರಿಂದ ಆ ಮಾತು ಅಕ್ಷರದಲ್ಲಿಯೂ ಇರಬೇಕು. ಆದರೆ ಚಿತ್ರದಲ್ಲಿ ಫಲಿತಾಂಶ, ವಿಡಿಯೊದಲ್ಲಿ ಪಾಠ ಎಂದಾದರೆ ಪರೀಕ್ಷೆಗೆ ಒಳಗಾದದ್ದು ಚಿತ್ರ–ವಿಡಿಯೊಗಳ ರೂಪವಲ್ಲ, ಅವುಗಳ ವಿಷಯ. ಅದೇ ಕರಿಹಲಗೆಯ, ಅದೇ ಪ್ರಶ್ನೆಯ ಸ್ಥಿರಚಿತ್ರವನ್ನು ವಿಡಿಯೊದ ಎದುರಿಗಿಟ್ಟಾಗ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ.

ಜಾಹೀರಾತು ಕಾಣಿಸಬೇಕಾದ ಜಾಗದ ಆಯ್ಕೆಯಲ್ಲಿ ಇನ್ನೊಂದು ಬಲೆಯಿದೆ. ನಕ್ಷೆಯ ಮೇಲೆ ಮಮದಾಪುರಕ್ಕೆ ಗುಂಡುಪಿನ್ನು ಚುಚ್ಚಿದಂತೆ ಗುರುತಿಟ್ಟು ಅದರ ಸುತ್ತ ಇಷ್ಟು ಕಿಲೋಮೀಟರ್ ಎಂದು ವೃತ್ತ ಎಳೆಯುವ ಸೌಲಭ್ಯವಿರುತ್ತದೆ. ಮುಹಮ್ಮದ್ ಆದಿಲ್ ಶಾಹನ ಕಾಲದ ಆ ದೊಡ್ಡ ಕೆರೆ ಮತ್ತು ಹೊಲಗಳು ವೃತ್ತದ ಬಹುಪಾಲನ್ನು ನುಂಗುವುದರಿಂದ ಜನ ಕಡಿಮೆ ಎನಿಸಿ ವೃತ್ತವನ್ನು ಹಿಗ್ಗಿಸುವ ಆಸೆಯಾಗುತ್ತದೆ, ಮತ್ತು ಅದು ವಿಜಯಪುರ ನಗರವನ್ನು ಮುಟ್ಟಿದ ಕ್ಷಣ ಫೋನುಗಳು ಅಲ್ಲಿಯೇ ದಟ್ಟವಾಗಿರುವ ಕಾರಣ ಹಣವೆಲ್ಲ ನಗರಕ್ಕೆ ಹರಿಯುತ್ತದೆ. ಅಲ್ಲಿಂದ ಬಂದ ಮೆಚ್ಚುಗೆಯ ಗುರುತುಗಳು ಮಮದಾಪುರದ ಬೆಂಚು ತುಂಬಿಸವು. ದುಡಿಯಲು ಗೋವಾಕ್ಕೋ ಪುಣೆಗೋ ಹೋದ ತಂದೆಯ ಕೈಯಲ್ಲಿ ಮನೆಯ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ವೃತ್ತ ಎಷ್ಟು ನಿಖರವಾಗಿದ್ದರೂ ಆ ಮನೆ ಹೊರಗುಳಿಯುತ್ತದೆ.

ಎರಡೂ ಜಾಹೀರಾತುಗಳನ್ನು ಒಂದೇ ಗುಂಪಿನಲ್ಲಿ ಹಾಕಿ ಬಿಟ್ಟರೆ ಮೊದಲ ಒಂದೆರಡು ದಿನಗಳ ಅಲ್ಪ ಸುಳಿವನ್ನೇ ನಂಬಿ ಯಂತ್ರವ್ಯವಸ್ಥೆಯು ಬಹುಪಾಲು ಹಣವನ್ನು ಒಂದಕ್ಕೇ ಸುರಿಯುತ್ತದೆ. ಇನ್ನೊಂದು ಸೋತದ್ದಲ್ಲ, ಆಡಲು ಇಳಿದೇ ಇರುವುದಿಲ್ಲ. ಆದ್ದರಿಂದ ನೋಡುಗರನ್ನು ಎರಡು ಬೇರೆ ಭಾಗ ಮಾಡಿ ಸಮಾನ ಹಣ ಹಂಚುವ ಎ/ಬಿ ಪರೀಕ್ಷೆಯನ್ನೇ ಆರಿಸಿ, ದಿನಕ್ಕೆ ತಲಾ 150 ರೂಪಾಯಿಯಂತೆ ಹತ್ತು ದಿನ ನಡುವೆ ಕೈ ಹಾಕದೆ ನಡೆಸಬೇಕು. ಜಾಹೀರಾತು ಒತ್ತಿದವರಿಗೆ ವಾಟ್ಸ್ಆ್ಯಪ್ ತೆರೆದುಕೊಳ್ಳುವಂತೆ ಮಾಡಿ, ಮೊದಲೇ ತುಂಬಿಟ್ಟ ಸಂದೇಶದ ಕೊನೆಯಲ್ಲಿ ಚಿತ್ರಕ್ಕೆ 1, ವಿಡಿಯೊಗೆ 2 ಎಂದು ಅಂಕಿಯಿಟ್ಟರೆ "ಫೀ ಎಷ್ಟ್ರೀ ಸರ?" ಎಂದು ಕೇಳಿದವರು ಯಾವ ಬಾಗಿಲಿನಿಂದ ಬಂದರೆಂದು ಕೇಂದ್ರದ ವಹಿಯಲ್ಲಿಯೇ ಬರೆದಿಡಬಹುದು.

ಚಿತ್ರದಿಂದ 22, ವಿಡಿಯೊದಿಂದ 15 ವಿಚಾರಣೆ ಬಂದವೆಂದು ಇಟ್ಟುಕೊಳ್ಳೋಣ. ಒಂದು ವಿಚಾರಣೆಗೆ ಚಿತ್ರದಲ್ಲಿ ಸುಮಾರು 68 ರೂಪಾಯಿ, ವಿಡಿಯೊದಲ್ಲಿ 100 ರೂಪಾಯಿ ಬೀಳುವುದರಿಂದ ಚಿತ್ರವೇ ಗೆದ್ದಂತೆ ಕಾಣುತ್ತದೆ. ಆದರೆ ಖರ್ಚು ಸಮನಾಗಿರುವಾಗ ಎರಡು ಎಣಿಕೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದ ವರ್ಗಮೂಲದ ಎರಡು ಪಟ್ಟಿಗೆ ಹೋಲಿಸಿ ನೋಡುವುದು ಒಂದು ಒರಟು ಅಳತೆಗೋಲು. ವ್ಯತ್ಯಾಸ ಅದನ್ನು ದಾಟದಿದ್ದರೆ ಅದು ಬರಿಯ ಅದೃಷ್ಟದಿಂದಲೂ ಬಂದಿರಬಹುದು. ಇಲ್ಲಿ ಮೊತ್ತ 37, ವರ್ಗಮೂಲ ಸುಮಾರು 6, ಅದರ ಎರಡು ಪಟ್ಟು 12; ವ್ಯತ್ಯಾಸವೋ ಬರೀ 7. ಇದೇ ಹಣದಲ್ಲಿ 29 ಮತ್ತು 8 ಬಂದಿದ್ದರೆ ವ್ಯತ್ಯಾಸ 21 ಆಗಿ ಚಿತ್ರದ ಮೇಲ್ಗೈಯನ್ನು ಒಪ್ಪಬಹುದಿತ್ತು. ಅಂದರೆ ಸಣ್ಣ ಹಣ ದೊಡ್ಡ ವ್ಯತ್ಯಾಸವನ್ನು ಮಾತ್ರ ಕಾಣಬಲ್ಲದು, ಅಕ್ಷರದ ಬಣ್ಣ ಬದಲಿಸಿ ಅದರ ಫಲವನ್ನು ಅಳೆಯಲು ಹೊರಡುವುದು ದುಡ್ಡು ದಂಡ.

ವಹಿಯನ್ನು ಇನ್ನೊಂದು ಮಗ್ಗುಲಿನಿಂದ ಓದಿದರೆ ತೀರ್ಪು ಬದಲಾಗಲೂಬಹುದು. ಚಿತ್ರದಿಂದ ಬಂದ 22ರಲ್ಲಿ ನಾಲ್ವರು, ವಿಡಿಯೊದಿಂದ ಬಂದ 15ರಲ್ಲಿ ಆರು ಮಂದಿ ಮಗುವನ್ನು ಡೆಮೊ ತರಗತಿಗೆ ಕರೆತಂದರೆ, ಪಾಠದ ಬಗೆಯನ್ನು ಮೊದಲೇ ಕಂಡವರು ಗಟ್ಟಿ ಮನಸ್ಸಿನಿಂದ ಬಂದರೆಂದು ವಿವರಿಸುವುದು ಸುಲಭ. ಆದರೆ ನಾಲ್ಕು ಮತ್ತು ಆರರ ನಡುವಿನ ವ್ಯತ್ಯಾಸ ಎರಡು, ಅಳತೆಗೋಲು ಆರಕ್ಕಿಂತ ಮೇಲೆ. ಸೊಗಸಾದ ಆ ವಿವರಣೆಗೆ ಆಧಾರವಿಲ್ಲ. ವಿಡಿಯೊವನ್ನು ಕೊನೆಯವರೆಗೆ ನೋಡಿದವರ ದೊಡ್ಡ ಸಂಖ್ಯೆಯನ್ನು ಮುಂದಿಟ್ಟು ಗೆಲುವು ಸಾರುವವರಂತೂ ಅಪ್ಪನ ಫೋನಿನಲ್ಲಿ ಒಗಟು ಬಿಡಿಸುತ್ತ ಕುಳಿತ ಮಗುವನ್ನೂ ಪಾಲಕರೆಂದೇ ಎಣಿಸಿಬಿಡುತ್ತಾರೆ.

ಇಂಥ ಕೇಂದ್ರಕ್ಕೆ ಉಳಿಯುವ ದಾರಿ ಅವಸರವಿಲ್ಲದ್ದು: ಒಂದೇ ಪ್ರಶ್ನೆಯ ಚಿತ್ರ ಮತ್ತು ವಿಡಿಯೊಗಳನ್ನು ಮುಂದಿನ ವರ್ಷದ ಅರ್ಜಿಯ ಹಂಗಾಮಿನಲ್ಲಿಯೂ ಅದೇ ವೃತ್ತ, ಅದೇ ಹಣದಲ್ಲಿ ನಡೆಸಿ, ಡೆಮೊ ತರಗತಿಗೆ ಬಂದವರ ಎಣಿಕೆಯನ್ನು ಹಿಂದಿನ ಪುಟದ ಎಣಿಕೆಗೆ ಕೂಡಿಸುತ್ತ ಹೋಗುವುದು. ಆ ವಹಿಯಲ್ಲಿ 1 ಮತ್ತು 2ರ ಪಕ್ಕದಲ್ಲಿ ಮೂರನೆಯ ಕಾಲಂ ಒಂದಿರಬೇಕಾಗುತ್ತದೆ, ಅಣ್ಣನ ಮಗ ಇಲ್ಲೇ ಕಲಿತನೆಂದು ಯಾವ ಜಾಹೀರಾತನ್ನೂ ನೋಡದೆ ಬಂದವರಿಗಾಗಿ.