ಮಜ್ಜೆಯ ಬೇಲಿ

ರಕ್ತದ ಬಗ್ಗೆ ನಮ್ಮ ಭಾಷೆಯಲ್ಲಿ ಮಾತುಗಳಿಗೆ ಬರವಿಲ್ಲ. ರಕ್ತಸಂಬಂಧ ಎನ್ನುತ್ತೇವೆ, ನೆತ್ತರು ಕುದಿಯಿತು ಎನ್ನುತ್ತೇವೆ, ರಕ್ತ ಬಸಿದು ದುಡಿದೆ ಎನ್ನುತ್ತೇವೆ. ಆದರೆ ಆ ರಕ್ತ ಎಲ್ಲಿ ಹುಟ್ಟುತ್ತದೆ ಎಂಬ ಸುಳಿವು ಈ ಮಾತುಗಳಲ್ಲಿ ಎಲ್ಲಿಯೂ ಇಲ್ಲ. ಅದು ಹುಟ್ಟುವುದು ಎಲುಬಿನ ಒಳಗೆ. ಬೆಳೆದ ಮನುಷ್ಯನಲ್ಲಿ ಮುಖ್ಯವಾಗಿ ಸೊಂಟದ ಎಲುಬು, ಬೆನ್ನುಮೂಳೆ, ಎದೆಯೆಲುಬು, ಪಕ್ಕೆಲುಬುಗಳ ಮಜ್ಜೆಯಲ್ಲಿ. ನನ್ನ ಮಟ್ಟಿಗೆ ಇದು ಶಾಲೆಯ ಪಾಠದ ಒಂದು ವಾಕ್ಯವಾಗಿಯಷ್ಟೇ ಉಳಿದಿತ್ತು. ಸೋದರಮಾವನಿಗೆ ಮೈಲೋಫೈಬ್ರೋಸಿಸ್ ಎಂಬ ಕಾಯಿಲೆ ಕಾಣಿಸಿಕೊಂಡ ಮೇಲೆ ಅದು ಮನೆಯ ಮಾತಾಯಿತು.

ಮಾವ ಕಾಸರಗೋಡಿನ ಒಳನಾಡಿನಲ್ಲಿ ಅಡಿಕೆ ಬೆಳೆಯುವವರು. ಆಗ ಅವರಿಗೆ 71 ವರ್ಷ. ಮೊದಲು ಕಂಡ ಲಕ್ಷಣ ಊಟದ್ದು. ನಾಲ್ಕು ದೋಸೆ ತಿನ್ನುತ್ತಿದ್ದವರಿಗೆ ಒಂದೂವರೆ ದೋಸೆಗೇ ಹೊಟ್ಟೆ ತುಂಬತೊಡಗಿತು. ಎಡಪಕ್ಕೆಯಲ್ಲಿ ಸದಾ ಒಂದು ಭಾರ. ರಾತ್ರಿ ಬೆವರಿ ಬನಿಯನು ಒದ್ದೆಯಾಗುತ್ತಿತ್ತು; ತೋಟದ ಏರಿ ಹತ್ತಿದರೆ ಏದುಸಿರು. ಊರಿನ ವೈದ್ಯರು ಹೊಟ್ಟೆಯನ್ನು ಒತ್ತಿ ನೋಡಿದಾಗ ಗುಲ್ಮದ ಅಂಚು ಹೊಕ್ಕುಳಿನ ಮಟ್ಟಕ್ಕೆ ಇಳಿದಿತ್ತು. ಪ್ಲೀಹ ಎಂದೂ ಕರೆಯುವ ಈ ಅಂಗ ಆರೋಗ್ಯವಂತರಲ್ಲಿ ಸುಮಾರು 150ರಿಂದ 200 ಗ್ರಾಂ ತೂಗುತ್ತದೆ. ಪಕ್ಕೆಲುಬುಗಳ ಮರೆಯಲ್ಲಿರುವುದರಿಂದ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ.

ನಗರದ ಆಸ್ಪತ್ರೆಯ ರಕ್ತಪರೀಕ್ಷೆಯ ವರದಿ ಇಂಗ್ಲಿಷಿನಲ್ಲಿತ್ತು. ವಿವರಿಸಿದವರ ಮಾತು ಮಲಯಾಳದಲ್ಲಿತ್ತು. ಮಾವನಿಗೆ ಎರಡೂ ಅಷ್ಟಿಷ್ಟು ಬರುತ್ತದೆ. ಆದರೂ ಆ ಹಾಳೆಯನ್ನು ನನ್ನ ಕೈಗಿತ್ತು, “ನೀನು ಕನ್ನಡ ಕಲಿಸುವವನಲ್ಲವೇ? ಇದರಲ್ಲಿ ಏನು ಬರೆದಿದೆ ಎಂದು ನನಗೆ ತಿಳಿಯುವ ಕನ್ನಡದಲ್ಲಿ ಹೇಳು” ಎಂದರು. ಹಿಮೋಗ್ಲೋಬಿನ್ 8.6 ಎಂಬುದನ್ನು ಹೇಳುವುದು ಸುಲಭವಾಗಿತ್ತು. ಅದರ ಕೆಳಗಿನ ಸಾಲು ಸುಲಭದ್ದಾಗಿರಲಿಲ್ಲ: ರಕ್ತದಲ್ಲಿ ಪಕ್ವವಾಗದ ಬಿಳಿಕಣಗಳೂ ಕೋಶಕೇಂದ್ರವಿರುವ ಕೆಂಪುಕಣಗಳೂ ಕಾಣುತ್ತಿವೆ, ಕಣ್ಣೀರ ಹನಿಯ ಆಕಾರದ ಕೆಂಪುಕಣಗಳು ಹೇರಳವಾಗಿವೆ. ವೈದ್ಯಕೀಯದಲ್ಲಿ ಇದಕ್ಕೆ ‘ಲ್ಯೂಕೋಎರಿತ್ರೋಬ್ಲಾಸ್ಟಿಕ್ ಚಿತ್ರ’ ಎಂದು ಹೆಸರು. ಆ ಒಂದು ಪದವನ್ನು ಮಾವನಿಗೆ ತಲುಪಿಸಲು ನಾನು ರಕ್ತರೋಗ ತಜ್ಞೆಯೊಬ್ಬರ ಮುಂದೆ ಎರಡು ಬಾರಿ ಕುಳಿತು ಕೇಳಬೇಕಾಯಿತು. ಅವರಿಂದ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲು ಸಹಜವಾದ ಮಜ್ಜೆಯನ್ನು ನೋಡೋಣ. ಕೆಂಪುಕಣವಾಗಬೇಕಾದ ಕೋಶಕ್ಕೆ ಆರಂಭದಲ್ಲಿ ಉಳಿದ ಕೋಶಗಳಂತೆ ಒಂದು ಕೇಂದ್ರವಿರುತ್ತದೆ. ಸುಮಾರು ಒಂದು ವಾರದ ಅವಧಿಯಲ್ಲಿ ಅದು ಒಡೆದು ಒಡೆದು ಹೆಚ್ಚುತ್ತದೆ, ಹಿಮೋಗ್ಲೋಬಿನನ್ನು ತುಂಬಿಕೊಳ್ಳುತ್ತದೆ, ಕೊನೆಗೆ ತನ್ನ ಕೇಂದ್ರವನ್ನೇ ಹೊರಕ್ಕೆ ದೂಡಿಬಿಡುತ್ತದೆ. ದೂಡಿದ ಕೇಂದ್ರವನ್ನು ಪಕ್ಕದ ಭಕ್ಷಕಕೋಶ ನುಂಗುತ್ತದೆ. ಆ ಬಳಿಕವೇ ಕಣಕ್ಕೆ ರಕ್ತನಾಳದೊಳಗೆ ಪ್ರವೇಶ. ಮಜ್ಜೆಗೂ ಅಲ್ಲಿನ ರಕ್ತನಾಳಕ್ಕೂ ನಡುವೆ ತೆಳುವಾದ ಒಂದು ಗೋಡೆಯಿದೆ. ಅದರ ಕಿಂಡಿಗಳು ಬಹಳ ಕಿರಿದು. ಮೆತ್ತಗೆ ಬಾಗಬಲ್ಲ ಪಕ್ವ ಕಣ ಅಲ್ಲಿ ನುಸುಳುತ್ತದೆ, ಗಡುಸಾದ ಕೇಂದ್ರವನ್ನು ಹೊತ್ತ ಎಳೆಯ ಕಣ ಒಳಗೇ ಉಳಿಯುತ್ತದೆ. ಬಿಳಿಕಣಗಳೂ ಹಲವು ಮೆಟ್ಟಿಲುಗಳನ್ನು ಏರಿ ಪಕ್ವವಾದ ಮೇಲೆಯೇ ಹೊರಬೀಳುತ್ತವೆ. ಹಾಗಾಗಿ ಆರೋಗ್ಯವಂತ ವಯಸ್ಕರ ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೇಂದ್ರವುಳ್ಳ ಕೆಂಪುಕಣ ಕಾಣಬಾರದು.

ಇದನ್ನು ಕೇಳಿದ ಮಾವ, “ಹಾಗಾದರೆ ನನ್ನದು ಎಳೆಕಾಯಿ ಉದುರಿದ ಹಾಗೆ” ಎಂದರು. ಹೋಲಿಕೆ ಅರ್ಧದಷ್ಟು ಸರಿ. ಕೊಳೆರೋಗದಲ್ಲಿ ಕಾಯಿಗೇ ರೋಗ ತಗಲಿ ಅದು ಕಳಚಿ ಬೀಳುತ್ತದೆ. ಇಲ್ಲಿ ಎಳೆಯ ಕಣಗಳು ಹೊರಬೀಳುವುದಕ್ಕೆ ಮುಖ್ಯ ಕಾರಣ, ಅವುಗಳನ್ನು ತಡೆಹಿಡಿಯಬೇಕಾದ ಬೇಲಿ ಮುರಿದಿರುವುದು.

ಬೇಲಿ ಮುರಿದದ್ದು ಹೇಗೆ? ರೋಗದ ಬೇರು ರಕ್ತದ ಆಕರಕೋಶದಲ್ಲಿದೆ. ಯಾವುದೋ ಒಂದು ಆಕರಕೋಶದ ಜೀನಿನಲ್ಲಿ ಬದಲಾವಣೆಯಾಗುತ್ತದೆ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಅದು 2005ರಲ್ಲಿ ಗುರುತಿಸಲ್ಪಟ್ಟ ಜಾಕ್-2 ಜೀನಿನ ಬದಲಾವಣೆ. ಜಾಕ್-2 ಎಂಬುದು ‘ಬೆಳೆ’ ಎಂಬ ಸಂದೇಶವನ್ನು ಕೋಶದೊಳಕ್ಕೆ ಸಾಗಿಸುವ ಸಾಧನ. ಬದಲಾದ ಜಾಕ್-2 ಸಂದೇಶ ಬಾರದಿದ್ದರೂ ಬೆಳೆಯಲು ಹೇಳುತ್ತಲೇ ಇರುತ್ತದೆ. ಆ ಕೋಶದ ಸಂತತಿ ಮಜ್ಜೆಯನ್ನು ಆಕ್ರಮಿಸುತ್ತದೆ. ಅವುಗಳಲ್ಲಿ ಪ್ಲೇಟ್ಲೆಟ್ಟುಗಳನ್ನು ತಯಾರಿಸುವ ಮೆಗಾಕ್ಯಾರಿಯೋಸೈಟ್ ಎಂಬ ದೈತ್ಯಕೋಶಗಳು ವಿಕಾರವಾಗಿ ಬೆಳೆದು, ನಾರು ಹೆಣೆಯುವಂತೆ ಪ್ರಚೋದಿಸುವ ರಾಸಾಯನಿಕಗಳನ್ನು ಸುರಿಸುತ್ತವೆ. ಮಜ್ಜೆಯ ತಂತುಕೋಶಗಳು ಆ ಪ್ರಚೋದನೆಗೆ ಓಗೊಟ್ಟು ಮೊದಲು ರೆಟಿಕ್ಯುಲಿನ್ ಎಂಬ ಸೂಕ್ಷ್ಮ ಎಳೆಗಳನ್ನೂ ಮುಂದೆ ಕೊಲ್ಯಾಜನ್ ಎಂಬ ದಪ್ಪ ನಾರನ್ನೂ ಹೆಣೆಯುತ್ತವೆ. ಗಾಯ ಮಾಗಿದ ಕಡೆ ಚರ್ಮದಲ್ಲಿ ಕಲೆ ಉಳಿಯುವಂತೆ ಮಜ್ಜೆಯಲ್ಲಿ ಕಲೆ ಕಟ್ಟುತ್ತದೆ. ಕಾಯಿಲೆಗೆ ಹೆಸರು ಬಂದಿರುವುದು ಈ ನಾರಿನಿಂದ. ಆದರೆ ನಾರು ಮೂಲರೋಗವಲ್ಲ, ರೋಗಗ್ರಸ್ತ ಕೋಶಗಳು ತಮ್ಮ ಸುತ್ತ ಹೆಣೆಯಿಸಿಕೊಂಡ ಬಲೆ.

ಮಾವನ ಸೊಂಟದೆಲುಬಿಗೆ ಸೂಜಿ ಚುಚ್ಚಿ ಮಜ್ಜೆಯನ್ನು ಹೀರಿದಾಗ ಸಿರಿಂಜಿಗೆ ಏನೂ ಬರಲಿಲ್ಲ. ಸೂಜಿ ಸರಿಯಾದ ಜಾಗದಲ್ಲಿಯೇ ಇತ್ತು. ನಾರಿನಲ್ಲಿ ಸಿಕ್ಕಿಕೊಂಡ ಮಜ್ಜೆ ಹರಿಯಲೊಲ್ಲದು. ಹೀಗೆ ಬರಿದಾಗಿ ಬರುವುದೂ ರೋಗದ ಒಂದು ಸುಳಿವೇ. ಆಗ ದಪ್ಪ ಸೂಜಿಯಿಂದ ಎಲುಬಿನ ಸಣ್ಣ ತುಂಡನ್ನೇ ತೆಗೆದು, ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ನೋಡಿದರು. ರೆಟಿಕ್ಯುಲಿನ್ ಎಳೆಗಳು ಕಪ್ಪು ಜಾಲವಾಗಿ ಕಂಡವು. ಸೊನ್ನೆಯಿಂದ 3ರವರೆಗಿನ ಶ್ರೇಣಿಯಲ್ಲಿ ಮಾವನದು 2.

ಗುಲ್ಮ ಹಿಗ್ಗಿದ ಬಗೆ ಇದಕ್ಕೇ ತಳಕು ಹಾಕಿಕೊಂಡಿದೆ. “ರೋಗ ಎಲುಬಿನಲ್ಲಿ, ಹೊಟ್ಟೆ ಯಾಕೆ ದೊಡ್ಡದಾಗಬೇಕು?” ಎಂದು ಮಾವ ಕೇಳಿದ್ದು ನ್ಯಾಯವಾದ ಪ್ರಶ್ನೆ. ತಾಯಿಯ ಗರ್ಭದಲ್ಲಿ, ಎಲುಬುಗಳು ಸಿದ್ಧವಾಗುವ ಮುನ್ನ, ರಕ್ತ ತಯಾರಾಗುವುದು ಮುಖ್ಯವಾಗಿ ಯಕೃತ್ತಿನಲ್ಲಿ, ಸ್ವಲ್ಪಮಟ್ಟಿಗೆ ಗುಲ್ಮದಲ್ಲಿ. ಮಜ್ಜೆಯಲ್ಲಿ ನೆಲೆ ತಪ್ಪಿದ ಆಕರಕೋಶಗಳು ರಕ್ತದೊಡನೆ ಅಲೆದು ಆ ಹಳೆಯ ಮನೆಗಳಲ್ಲಿ ಬೀಡುಬಿಡುತ್ತವೆ. ಗುಲ್ಮ ಮತ್ತೆ ರಕ್ತ ತಯಾರಿಸತೊಡಗುತ್ತದೆ, ಹಿಗ್ಗುತ್ತದೆ, ಪಕ್ಕದ ಜಠರವನ್ನು ಒತ್ತುತ್ತದೆ. ಒಂದೂವರೆ ದೋಸೆಗೆ ಹೊಟ್ಟೆ ತುಂಬಿದ್ದು ಅದರಿಂದ.

ಎಳೆಯ ಕಣಗಳು ರಕ್ತದಲ್ಲಿ ಕಾಣುವುದಕ್ಕೆ ಹೀಗೆ ಎರಡು ಕಾರಣಗಳು ಕೂಡುತ್ತವೆ. ಒಂದು, ನಾರು ತುಂಬಿದ ಮಜ್ಜೆಯಲ್ಲಿ ರಕ್ತನಾಳದ ಗೋಡೆ ಕೆಟ್ಟು ಕಾವಲು ಸಡಿಲವಾಗಿದೆ. ಎರಡು, ಗುಲ್ಮದಲ್ಲಿ ಹೊಸದಾಗಿ ಎದ್ದ ಸಸಿಮಡಿಗೆ ಮಜ್ಜೆಯಲ್ಲಿದ್ದಂಥ ಬೇಲಿಯೇ ಇಲ್ಲ. ಕಣ್ಣೀರ ಹನಿಯ ಆಕಾರವೂ, ನಾರಿನ ನಡುವೆ ಮತ್ತು ಹಿಗ್ಗಿದ ಗುಲ್ಮದ ಇಕ್ಕಟ್ಟಿನಲ್ಲಿ ಹಿಂಡಿಸಿಕೊಂಡು ಬಂದ ಕಣಗಳ ಗುರುತು ಎಂದು ತಿಳಿಯಲಾಗಿದೆ.

ಕೇಂದ್ರವುಳ್ಳ ಕೆಂಪುಕಣಗಳು ಯಂತ್ರವನ್ನೂ ದಾರಿ ತಪ್ಪಿಸಬಲ್ಲವು. ಕೋಶಕೇಂದ್ರಗಳನ್ನು ಎಣಿಸುವ ಹಲವು ಯಂತ್ರಗಳು ಇವನ್ನೂ ಬಿಳಿಕಣಗಳೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಮಾವನ ವರದಿಯಲ್ಲಿ ಯಂತ್ರ ಕೊಟ್ಟ ಸಂಖ್ಯೆ 18,000. ಲೇಪನವನ್ನು ಕಣ್ಣಾರೆ ನೋಡಿದಾಗ 100 ಬಿಳಿಕಣಗಳಿಗೆ 20 ಕೇಂದ್ರವುಳ್ಳ ಕೆಂಪುಕಣಗಳಿದ್ದವು. ಅಂದರೆ ಯಂತ್ರ ಎಣಿಸಿದ ಪ್ರತಿ 120ರಲ್ಲಿ 100 ಮಾತ್ರ ನಿಜವಾದ ಬಿಳಿಕಣ. 18,000ವನ್ನು 100ರಿಂದ ಗುಣಿಸಿ 120ರಿಂದ ಭಾಗಿಸಿದರೆ 15,000. ಅದೇ ಸರಿಯಾದ ಸಂಖ್ಯೆ.

ಆದರೆ ಈ ಚಿತ್ರವೊಂದರಿಂದಲೇ ಮೈಲೋಫೈಬ್ರೋಸಿಸ್ ಎಂದು ಹೇಳಲಾಗದು. ಬೇರೆ ಅಂಗದ ಕ್ಯಾನ್ಸರ್ ಮಜ್ಜೆಗೆ ಹರಡಿದಾಗ, ಕ್ಷಯ ಮಜ್ಜೆಯನ್ನು ಹೊಕ್ಕಾಗ, ತೀವ್ರ ಸೋಂಕು ಅಥವಾ ರಕ್ತಸ್ರಾವವಾದಾಗಲೂ ಎಳೆಯ ಕಣಗಳು ಹೊರಬರುತ್ತವೆ. ದೊಡ್ಡ ಗುಲ್ಮ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ಇನ್ನೊಂದು ರೋಗದಲ್ಲಿಯೂ ಉಂಟು. ಅದಕ್ಕೆ ಪ್ರತ್ಯೇಕ ಜೀನ್ ಪರೀಕ್ಷೆಯಿದೆ. ಮಾವನಲ್ಲಿ ಅದು ಇಲ್ಲವೆಂದು ಬಂತು, ಜಾಕ್-2 ಬದಲಾವಣೆ ಇದೆಯೆಂದು ಬಂತು. ಎಲುಬಿನ ತುಂಡು, ಜೀನ್, ರಕ್ತದ ಲೇಪನ, ಗುಲ್ಮ ಇವೆಲ್ಲ ಒಂದೇ ಕಡೆಗೆ ಬೊಟ್ಟು ಮಾಡಿದಾಗಲೇ ತಜ್ಞೆ ರೋಗದ ಹೆಸರು ಹೇಳಿದರು.

ಆಮೇಲೆ ಮನೆಯಲ್ಲಿ ಒಂದು ವಾದ ಎದ್ದಿತು. ಗುಲ್ಮವನ್ನು ಕತ್ತರಿಸಿ ತೆಗೆದರೆ ಮುಗಿಯಿತಲ್ಲ ಎಂದು ನೆಂಟರು. ಅದೇ ರಕ್ತ ಮಾಡುತ್ತಿದೆಯಾದರೆ ತೆಗೆಯುವುದು ಹೇಗೆ ಎಂದು ಅತ್ತೆ. ತಜ್ಞೆಯ ಉತ್ತರ ಎರಡು ಕಡೆಗೂ ಒಪ್ಪುವಂತಿರಲಿಲ್ಲ. ಗುಲ್ಮ ತಯಾರಿಸುವ ರಕ್ತ ಅಲ್ಪ. ಅಷ್ಟು ದೊಡ್ಡದಾದ ಗುಲ್ಮ ಹಿಡಿದಿಟ್ಟು ನಾಶಮಾಡುವ ಕಣಗಳೇ ಹೆಚ್ಚು. ಆದ್ದರಿಂದ ಅದು ಆಧಾರವೆಂಬ ಭಾವನೆ ಬೇಡ. ಆದರೆ ಇಂಥವರಲ್ಲಿ ಶಸ್ತ್ರಕ್ರಿಯೆಯೂ ಅಪಾಯದ್ದು: ರಕ್ತಸ್ರಾವ, ನಾಳಗಳಲ್ಲಿ ಹೆಪ್ಪು, ಸೋಂಕು, ಗುಲ್ಮ ಹೋದ ಬಳಿಕ ಯಕೃತ್ತು ಹಿಗ್ಗುವುದೂ ಉಂಟು. ಔಷಧಕ್ಕೆ ಬಗ್ಗದವರಿಗಷ್ಟೇ ಆ ದಾರಿ. ಬೇರುಸಹಿತ ಗುಣಪಡಿಸಬಲ್ಲದ್ದು ಇನ್ನೊಬ್ಬರ ಆಕರಕೋಶಗಳ ಕಸಿ ಒಂದೇ. ಮಾವನ ವಯಸ್ಸಿಗೂ ಹೃದಯಕ್ಕೂ ಅದು ತಾಳದು ಎಂದರು.

ರುಕ್ಸೋಲಿಟಿನಿಬ್ ಎಂಬ ಮಾತ್ರೆ ಆರಂಭವಾಯಿತು. ಅದು ಜಾಕ್ ಸಂದೇಶವನ್ನು ತಗ್ಗಿಸುತ್ತದೆ. ಮೂರು ತಿಂಗಳಲ್ಲಿ ಬೆವರು ನಿಂತಿತು, ಗುಲ್ಮ ಹೊಕ್ಕುಳಿನಿಂದ ಮೇಲೇರಿ ಪಕ್ಕೆಯ ಕೆಳಗೆ ನಾಲ್ಕು ಬೆರಳಿನಷ್ಟಕ್ಕೆ ಬಂತು, ದೋಸೆ ಮೂರಾಯಿತು. ಆದರೆ ಅದೇ ಸಂದೇಶ ಕೆಂಪುಕಣದ ತಯಾರಿಗೂ ಬೇಕಾದದ್ದು. ಹಿಮೋಗ್ಲೋಬಿನ್ ಇನ್ನೂ ಇಳಿಯಿತು, ಆಗಾಗ ರಕ್ತ ಕೊಡಿಸಬೇಕಾಯಿತು. ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದೆಂದೂ ಎಚ್ಚರಿಸಿದ್ದಾರೆ. ನಿಲ್ಲಿಸಿದರೆ ಅಡಗಿದ ಲಕ್ಷಣಗಳು ಒಮ್ಮೆಲೇ ಮರಳಬಹುದು. ಮಜ್ಜೆಯ ನಾರು ಇದ್ದಲ್ಲಿಯೇ ಇದೆ.

ಈಗ ಪ್ರತಿ ವರದಿಯಲ್ಲಿ ಮಾವ ಮೊದಲು ಕೇಳುವುದು, “ತೀರ ಎಳೆಯವು ಎಷ್ಟು?” ಎಂದು. ಅವರು ಕೇಳುವುದು ಬ್ಲಾಸ್ಟ್ ಎಂಬ, ಎಲ್ಲಕ್ಕಿಂತ ಮೊದಲ ಮೆಟ್ಟಿಲಿನ ಬಿಳಿಕಣಗಳನ್ನು. ಅವು ಶೇಕಡ 10 ದಾಟಿದರೆ ರೋಗ ವೇಗ ಪಡೆದಿದೆ ಎಂದರ್ಥ. 20 ಮುಟ್ಟಿದರೆ ಅದು ತೀವ್ರ ಲ್ಯುಕೇಮಿಯಾ. ಕಳೆದ ತಿಂಗಳ ವರದಿಯಲ್ಲಿ ಅದು 2 ಇತ್ತು. ನಾನು ಎರಡು ಎಂದೆ. ಮಾವ ಹಾಳೆಯನ್ನು ಮಡಚಿ ಜೇಬಿಗಿಟ್ಟು, ಈ ಮಳೆಗಾಲಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಆಳು ಸಿಗುವರೇ ಎಂದು ವಿಚಾರಿಸತೊಡಗಿದರು.