ಹುಲಿ, ಮೇಕೆ, ಹುಲ್ಲು ಮತ್ತು ಹತ್ತು ಸೊನ್ನೆಗಳು

ಒಂದು ಪುಟ್ಟ ಕಥೆಯನ್ನು ಕಲ್ಪಿಸಿಕೊಳ್ಳೋಣ. ಹಾಸ್ಟೆಲಿನ ಒಂದು ಕೋಣೆ, ರಾತ್ರಿ ಊಟ ಮುಗಿದ ಹೊತ್ತು. ಮಂಜ, ಸೀನ ಎಂಬ ಇಬ್ಬರು ಗೆಳೆಯರ ನಡುವೆ ಹಳೆಯ ಒಗಟೊಂದು ಎದ್ದು ಕೂತಿದೆ. ರೈತನೊಬ್ಬ ಹುಲಿ, ಮೇಕೆ, ಹುಲ್ಲಿನ ಹೊರೆ ಮೂರನ್ನೂ ಹೊಳೆ ದಾಟಿಸಬೇಕು. ದೋಣಿಯಲ್ಲಿ ಅವನ ಜೊತೆ ಒಂದಕ್ಕಷ್ಟೇ ಜಾಗ. ಅವನಿಲ್ಲದ ದಡದಲ್ಲಿ ಹುಲಿ ಮೇಕೆಯನ್ನು ತಿನ್ನುತ್ತದೆ, ಮೇಕೆ ಹುಲ್ಲನ್ನು ತಿನ್ನುತ್ತದೆ. “ಮೊದಲು ಮೇಕೆ, ಆಮೇಲೆ ಹುಲಿ. ಬೇರೆ ದಾರೀನೇ ಇಲ್ಲ ಕಣೋ” ಎನ್ನುತ್ತಾನೆ ಮಂಜ. “ಆಮೇಲೆ ಹುಲ್ಲು ಕಣೋ. ಹುಲೀನ ಆಚೆ ಬಿಟ್ರೆ ಮೇಕೆ ಗತಿ ಏನು?” ಎನ್ನುತ್ತಾನೆ ಸೀನ. ಮೇಕೆಯನ್ನು ವಾಪಸ್ ಕರೆತರುತ್ತೇನೆ ಎಂದು ಮಂಜ ಹೇಳಿದರೆ ಸೀನನಿಗೆ ಅದು ದಂಡದ ಕೆಲಸವಾಗಿ ಕಾಣುತ್ತದೆ. ಏಳು ಸಲ ದೋಣಿ ಹಾಕುವುದೇಕೆ, ಐದು ಸಲ ಸಾಕು ಎಂದು ಹಟ ಹಿಡಿಯುತ್ತಾನೆ. ಐದರಲ್ಲಿ ಮಾಡಿ ತೋರಿಸು ಎಂದರೆ ತೋರಿಸಲಾರ, ಆದರೂ ಬಿಡುವವನಲ್ಲ. “ನಿನಗೆ ಹೊಳೀಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತೀಯಾ?”

ಆ ಕೊನೆಯ ಪ್ರಶ್ನೆ ಹಟದ ಬಾಯಿಂದ ಬಂದದ್ದಾದರೂ ನ್ಯಾಯವಾದದ್ದು. ಇಬ್ಬರ ಜಗಳದಲ್ಲಿ ಎರಡು ಬಗೆಯ ಮಾತುಗಳು ಬೆರೆತಿವೆ. “ಹೀಗೆ ಮಾಡಿದರೆ ಆಗುತ್ತದೆ” ಎಂಬುದು ಒಂದು. ಅದನ್ನು ಸಾಧಿಸಲು ಮಾಡಿ ತೋರಿಸಿದರೆ ಸಾಕು. ಮೂರು ಬೆಂಕಿಪೊಟ್ಟಣಗಳನ್ನು ಮೇಜಿನ ಮೇಲೆ ಆಚೀಚೆ ಸರಿಸಿದರೂ ನಡೆದೀತು. “ಬೇರೆ ದಾರಿ ಇಲ್ಲ”, “ಇದಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲ” ಎಂಬುದು ಇನ್ನೊಂದು. ಇದನ್ನು ಎಷ್ಟು ಸಲ ಬೆಂಕಿಪೊಟ್ಟಣ ಸರಿಸಿದರೂ ಸಾಧಿಸಲಾಗದು, ಏಕೆಂದರೆ ನೂರು ಸಲ ಸೋತವನಿಗೂ ನೂರೊಂದನೆಯ ಸಲ ಹೊಳೆಯಬಹುದೆಂಬ ಆಸೆ ಉಳಿದೇ ಇರುತ್ತದೆ. ನನ್ನ ವಾದ ಇಷ್ಟೇ: ಕಥೆಯ ಕೊನೆಯಲ್ಲಿ ಈ ಗೆಳೆಯರು ಬಿಡಿಸುವ ಚಿತ್ರ ಉತ್ತರವನ್ನು ಅಂದಗೊಳಿಸುವುದಕ್ಕಾಗಿ ಬಂದದ್ದಲ್ಲ. “ನನಗೆ ಸಿಗಲಿಲ್ಲ” ಎಂಬುದನ್ನು “ಇಲ್ಲವೇ ಇಲ್ಲ” ಎಂಬುದನ್ನಾಗಿ ಮಾಡುವ ಶಕ್ತಿ ಅದಕ್ಕಿದೆ. ಬಾಯಿಮಾತಿನಲ್ಲಿ ಹೇಳುವ ಉತ್ತರಕ್ಕೆ ಆ ಶಕ್ತಿ ಇಲ್ಲ ಎನ್ನುವುದಕ್ಕೆ ಈ ಒಗಟಿನ ಚರಿತ್ರೆಯಲ್ಲೇ ಸಾಕ್ಷಿ ಇದೆ. 804ರಲ್ಲಿ ತೀರಿಕೊಂಡ, ಇಂಗ್ಲೆಂಡಿನ ಯಾರ್ಕ್ ನಗರದ ವಿದ್ವಾಂಸ ಆಲ್‌ಕ್ವಿನ್‌ನದೆಂದು ಹೇಳಲಾಗುವ ಲ್ಯಾಟಿನ್ ಲೆಕ್ಕಗಳ ಸಂಗ್ರಹದಲ್ಲಿ ಇದೇ ಒಗಟಿದೆ. ಅಲ್ಲಿ ಹುಲಿಯ ಜಾಗದಲ್ಲಿ ತೋಳ, ಹುಲ್ಲಿನ ಜಾಗದಲ್ಲಿ ಎಲೆಕೋಸು. ಅದು ಕೊಡುವ ಉತ್ತರ ಮಂಜನದ್ದೇ: ಮೊದಲು ಮೇಕೆ, ಆಮೇಲೆ ತೋಳ, ಮೇಕೆ ವಾಪಸ್, ಆಮೇಲೆ ಕೋಸು, ಕೊನೆಗೆ ಮತ್ತೆ ಮೇಕೆ. ಸೀನನ ದಾರಿಯ ಸುಳಿವು ಆ ಉತ್ತರದಲ್ಲಿಲ್ಲ. ಒಂದಾದ ಮೇಲೊಂದು ಹೆಜ್ಜೆ ಹೇಳುತ್ತ ಹೋಗುವ ಉತ್ತರ ತಾನು ನಡೆದ ದಾರಿಯನ್ನು ಮಾತ್ರ ತೋರಿಸುತ್ತದೆ. ಪಕ್ಕದ ದಾರಿ ಅದಕ್ಕೆ ಕಾಣುವುದಿಲ್ಲ.

ಚಿತ್ರ ಹುಟ್ಟುವುದು ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ. ಇಬ್ಬರೂ ಮೊದಲು ಒಪ್ಪಿಕೊಳ್ಳಬೇಕಾದದ್ದು ಒಂದೇ ವಿಷಯ: ದಾರಿಯ ಮಾತು ಸದ್ಯಕ್ಕೆ ಬೇಡ, ಸ್ಥಿತಿಗಳನ್ನು ಎಣಿಸೋಣ. ರೈತ, ಹುಲಿ, ಮೇಕೆ, ಹುಲ್ಲು ಈ ನಾಲ್ಕರಲ್ಲಿ ಒಂದೊಂದೂ ಈ ದಡದಲ್ಲಿರಬೇಕು, ಇಲ್ಲವೇ ಆ ದಡದಲ್ಲಿರಬೇಕು. ನಾಲ್ಕಕ್ಕೂ ಎರಡೆರಡು ಆಯ್ಕೆ ಎಂದರೆ ಒಟ್ಟು 16 ಸ್ಥಿತಿಗಳು. ಹದಿನೇಳನೆಯದು ಯಾರ ತಲೆಗೂ ಹೊಳೆಯಲಾರದು, ಏಕೆಂದರೆ ಅದು ಇಲ್ಲ. ಇನ್ನು ಕೆಟ್ಟವನ್ನು ಹೊಡೆದುಹಾಕಬೇಕು. ರೈತ ಈಚೆ ಇದ್ದಾಗ ಆಚೆ ಮೇಕೆಯೂ ಹುಲಿಯೂ, ಮೇಕೆಯೂ ಹುಲ್ಲೂ, ಅಥವಾ ಮೂರೂ ಒಟ್ಟಿಗೆ ಇದ್ದರೆ ಅನಾಹುತ. ರೈತ ಆಚೆ ಇದ್ದಾಗಲೂ ಅಂಥವೇ ಮೂರು. ಹದಿನಾರರಲ್ಲಿ ಆರು ಹೋದರೆ ಉಳಿದದ್ದು ಹತ್ತು. ಆ ಹತ್ತಕ್ಕೆ ಹತ್ತು ಸೊನ್ನೆ ಬರೆದು, ಒಂದರಿಂದ ಇನ್ನೊಂದಕ್ಕೆ ಒಂದೇ ಸಲ ದೋಣಿ ಹಾಕಿ ಹೋಗುವಂತಿದ್ದರೆ ನಡುವೆ ಗೆರೆ ಎಳೆಯುತ್ತಾರೆ. ಗೆರೆ ಎಳೆಯುವಾಗ ಜಾಣತನ ಬೇಕಾಗಿಲ್ಲ. ಒಂದೊಂದು ಸೊನ್ನೆಯ ಮುಂದೆ ನಿಂತು, ರೈತ ಒಬ್ಬನೇ ಹೋದರೆ ಏನಾಗುತ್ತದೆ, ತನ್ನ ದಡದಲ್ಲಿರುವ ಒಂದೊಂದನ್ನು ಜೊತೆಗೆ ಕರೆದೊಯ್ದರೆ ಏನಾಗುತ್ತದೆ ಎಂದು ಕೇಳಿಕೊಂಡರೆ ಸಾಕು. ಎಲ್ಲ ಮುಗಿದಾಗ ಗೆರೆಗಳೂ ಹತ್ತೇ.

ಗೆರೆಗಳು ಕೂಡಿ ಒಂದು ಆಕಾರ ಮೂಡುತ್ತದೆ. ನಡುವೆ ಆರು ಸೊನ್ನೆಗಳ ಒಂದು ಬಳೆ. ಅದರ ಎಡಕ್ಕೆ ಎರಡು ಸೊನ್ನೆಗಳ ಬಾಲ, ಬಲಕ್ಕೆ ಎರಡು ಸೊನ್ನೆಗಳ ಬಾಲ. ಎಡ ಬಾಲದ ತುದಿಯಲ್ಲಿ ಎಲ್ಲರೂ ಈಚೆ ಇರುವ ಆರಂಭ, ಬಲ ಬಾಲದ ತುದಿಯಲ್ಲಿ ಎಲ್ಲರೂ ಆಚೆ ಸೇರಿದ ಕೊನೆ. ಆರಂಭದಿಂದ ಹೊರಡುವ ಗೆರೆ ಒಂದೇ: ಮೇಕೆಯನ್ನು ಕರೆದೊಯ್ಯುವುದು. ರೈತ ಬರಿಗೈಯಲ್ಲಿ ಮರಳಿದರೆ ಬಳೆಯ ಬಾಗಿಲು. ಅಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು ಕಡೆ ಹುಲಿಯ ಜೊತೆ, ಇನ್ನೊಂದು ಕಡೆ ಹುಲ್ಲಿನ ಜೊತೆ. ಯಾವ ಕಡೆ ಹೋದರೂ ಮೂರು ಗೆರೆ ದಾಟಿದ ಮೇಲೆ ಬಳೆಯ ಎದುರು ಬಾಗಿಲಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಎಡ ಬಾಲದಲ್ಲಿ ಎರಡು, ಬಳೆಯಲ್ಲಿ ಮೂರು, ಬಲ ಬಾಲದಲ್ಲಿ ಎರಡು, ಒಟ್ಟು ಏಳು. ಮಂಜ ಬಳೆಯ ಮೇಲ್ಬದಿಯಲ್ಲಿ ನಡೆದಿದ್ದ, ಸೀನ ಹೊರಟಿದ್ದು ಕೆಳಬದಿಯಲ್ಲಿ. ಎರಡೂ ಸರಿ, “ಬೇರೆ ದಾರೀನೇ ಇಲ್ಲ” ಎಂದ ಮಂಜನ ಮಾತು ತಪ್ಪು. ಏಳಕ್ಕಿಂತ ಚಿಕ್ಕ ದಾರಿ ಹಾಳೆಯ ಮೇಲೆ ಎಲ್ಲೂ ಇಲ್ಲ. “ಐದು ಸಾಕು” ಎಂದ ಸೀನನ ಮಾತೂ ತಪ್ಪು. ಮೂರನೆಯ ದಾರಿಯ ಆಸೆಗೂ ಎಡೆಯಿಲ್ಲ. ಹಿಂದೆ ಮುಂದೆ ಅಲೆದು ಸಮಯ ಕಳೆಯಬಹುದೇ ಹೊರತು, ನೇರವಾಗಿ ಹೋಗಲು ಇರುವುದು ಈ ಎರಡೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಗಟ್ಟಿಯಾದದ್ದೇ. ಐದು ಸಲದಲ್ಲಿ ಆಗದು ಎಂದು ತೋರಿಸಲು ಚಿತ್ರವೇ ಏಕೆ ಬೇಕು, ಮಾತಿನಲ್ಲೇ ಹೇಳಬಹುದಲ್ಲ? ಹೌದು, ಹೇಳಬಹುದು. ಮೂರನ್ನೂ ಒಂದೊಂದಾಗಿ ಸಾಗಿಸಲು ಕನಿಷ್ಠ ಮೂರು ಸಲ ಹೋಗಬೇಕು, ನಡುವೆ ಎರಡು ಸಲ ಬರಬೇಕು. ಐದರಲ್ಲಿ ಮುಗಿಯಬೇಕಾದರೆ ಬರುವಾಗಲೆಲ್ಲ ಬರಿಗೈಯಲ್ಲೇ ಬರಬೇಕು. ಮೊದಲು ಹೋಗುವುದು ಮೇಕೆಯೇ. ಎರಡನೆಯದು ಹುಲಿಯಾಗಲಿ ಹುಲ್ಲಾಗಲಿ, ಅದನ್ನು ಮೇಕೆಯ ಪಕ್ಕ ಬಿಟ್ಟು ರೈತ ಬರಿಗೈಯಲ್ಲಿ ಹೊರಟ ಕೂಡಲೇ ಕೆಲಸ ಕೆಡುತ್ತದೆ. ಆರು ಸಲ ಎಂಬುದಂತೂ ಆಗದ ಮಾತು. ಸರಿಸಂಖ್ಯೆಯ ಸಲ ದಾಟಿದ ದೋಣಿ ಈಚೆ ದಡದಲ್ಲೇ ಇರುತ್ತದೆ. ಆದ್ದರಿಂದ ಏಳೇ ಕನಿಷ್ಠ. ಇದು ಚೊಕ್ಕ ವಾದ, ಚಿತ್ರಕ್ಕಿಂತ ಚಿಕ್ಕದು ಕೂಡ. ಆದರೆ ಇದು ಒಂದು ಪ್ರಶ್ನೆಗೆ ಮಾತ್ರ ಹೊಲಿದ ಅಂಗಿ. ಏಳರ ದಾರಿಗಳು ಎಷ್ಟು ಎಂದು ಕೇಳಿದರೆ ಬೇರೆ ವಾದ ಬೇಕು; ಹುಲ್ಲು ಮೊದಲೇ ಆಚೆ ಇದ್ದಿದ್ದರೆ ಎಷ್ಟು ಸಲ ಎಂದು ಕೇಳಿದರೆ ಮತ್ತೊಂದು. ಚಿತ್ರದಲ್ಲಾದರೆ ಅದೇ ಹತ್ತು ಸೊನ್ನೆಗಳಲ್ಲಿ ಬೇಕಾದ ಸೊನ್ನೆಯ ಮೇಲೆ ಬೆರಳಿಟ್ಟು ಗೆರೆ ಎಣಿಸಿದರಾಯಿತು. ಇನ್ನೊಂದು ಸಂಗತಿಯೂ ಇದೆ. ಮಾತಿನ ವಾದ ಯಾರೋ ಒಬ್ಬರಿಗೆ ಹೊಳೆಯಬೇಕು. ಎಣಿಸಿ ಬರೆಯುವ ಕೆಲಸಕ್ಕೆ ಹೊಳಹು ಬೇಕಿಲ್ಲ, ತಾಳ್ಮೆ ಸಾಕು. ಜಗಳವಾಡುತ್ತಿರುವ ಇಬ್ಬರ ನಡುವೆ ತೀರ್ಪು ಕೊಡಬೇಕಾದ್ದು ಒಬ್ಬನ ಜಾಣತನದ ಮೇಲೆ ನಿಂತಿರಬಾರದು.

ಚಿತ್ರವೇ ತಪ್ಪಾಗಿದ್ದರೆ ಎಂಬುದು ಎರಡನೆಯ ಆಕ್ಷೇಪ. ತಪ್ಪಾಗುವುದುಂಟು, ಅದೂ ಒಂದು ನಿಶ್ಚಿತ ಜಾಗದಲ್ಲಿ. ಬಹಳ ಮಂದಿ ಹುಲಿ, ಮೇಕೆ, ಹುಲ್ಲು ಎಲ್ಲಿವೆ ಎಂದಷ್ಟೇ ಬರೆದು ರೈತನನ್ನು ಮರೆತುಬಿಡುತ್ತಾರೆ. ಆಗ ಹದಿನಾರು ಸ್ಥಿತಿಗಳ ಬದಲು ಎಂಟೇ ಸಿಗುತ್ತವೆ. ಮೇಕೆಯೂ ಹುಲ್ಲೂ ಒಂದೇ ದಡದಲ್ಲಿ ಎಂದೊಡನೆ ಕೆಂಪು ಗೀಟು ಬೀಳುತ್ತದೆ. ಆದರೆ ಆ ನಿಯಮ ಹಿಡಿದು ಹೊರಟರೆ ಮೂರೂ ಒಟ್ಟಿಗಿರುವ ಆರಂಭದ ಸೊನ್ನೆಯನ್ನೇ ಹೊಡೆದುಹಾಕಬೇಕಾಗುತ್ತದೆ. ಅಲ್ಲಿಗೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಮೇಕೆ ಹುಲ್ಲಿನ ಪಕ್ಕ ಇರುವುದರಲ್ಲಿ ಅಪಾಯವಿಲ್ಲ, ರೈತ ಇಲ್ಲದಾಗ ಇರುವುದರಲ್ಲಿ ಅಪಾಯ. ಚಿತ್ರದ ಗುಣ ಇರುವುದು ಇಲ್ಲಿಯೇ. ಅದು ತಪ್ಪದು ಎಂದಲ್ಲ, ತಪ್ಪಿದರೆ ಎದುರು ಕೂತವನಿಗೆ ಬೆರಳಿಟ್ಟು ತೋರಿಸಲು ಜಾಗ ಇರುತ್ತದೆ. ಹದಿನಾರು ಬಂತೇ, ಆರು ಹೋಯಿತೇ, ಹತ್ತು ಉಳಿಯಿತೇ ಎಂದು ಇಬ್ಬರೂ ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡಬಹುದು.

ದೊಡ್ಡ ಒಗಟುಗಳಿಗೆ ಈ ಉಪಾಯ ನಡೆಯದು ಎಂಬ ಮೂರನೆಯ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಹೊಳೆ ದಾಟುವವರಲ್ಲಿ ಒಬ್ಬರು ಹೆಚ್ಚಾದರೆ ಸ್ಥಿತಿಗಳು ಇಮ್ಮಡಿಯಾಗುತ್ತವೆ. ಆಲ್‌ಕ್ವಿನ್‌ನದೆನ್ನುವ ಅದೇ ಸಂಗ್ರಹದಲ್ಲಿ ಮೂರು ಜೋಡಿಗಳ ಒಗಟೊಂದಿದೆ. ಮುಂದೆ ಅದು ಮೂವರು ದಂಪತಿಗಳ ಒಗಟಾಗಿ ಹಬ್ಬಿತು: ದೋಣಿಯಲ್ಲಿ ಇಬ್ಬರಿಗೆ ಜಾಗ, ಗಂಡ ಇಲ್ಲದ ಕಡೆ ಹೆಂಡತಿ ಬೇರೆ ಗಂಡಸರ ಜೊತೆ ಇರಕೂಡದು. ಆರು ಜನರ ಜೊತೆ ದೋಣಿಯ ದಡವನ್ನೂ ಎಣಿಸಿದರೆ 128 ಸ್ಥಿತಿಗಳು. ದಾಟಲು 11 ಸಲ ಬೇಕು. ನಾಲ್ವರು ದಂಪತಿಗಳಾದರೆ 512. ಹಾಸ್ಟೆಲಿನ ನೋಟುಪುಸ್ತಕಕ್ಕೆ ಇದು ಹೊರೆಯೇ. ಯಾವ ದಂಪತಿ ಎಂಬುದು ಮುಖ್ಯವಲ್ಲದ ಕಡೆ ಒಂದೇ ಬಗೆಯ ಸ್ಥಿತಿಗಳನ್ನು ಒಟ್ಟುಗೂಡಿಸಿ ಹೊರೆ ಇಳಿಸಬಹುದು, ಆದರೂ ಕೈಯಲ್ಲಿ ಬರೆಯುವುದಕ್ಕೆ ಒಂದು ಮಿತಿ ಇದ್ದೇ ಇದೆ. ಆದರೆ ಎಣಿಕೆ ಅತ್ಯಗತ್ಯವಾಗುವುದೂ ಅಂಥ ಕಡೆಯಲ್ಲೇ. 16ನೇ ಶತಮಾನದ ಇಟಲಿಯ ದೊಡ್ಡ ಗಣಿತಜ್ಞ ತಾರ್ತಾಲ್ಯ, ನಾಲ್ವರು ದಂಪತಿಗಳೂ ಇಬ್ಬರು ಹಿಡಿಸುವ ದೋಣಿಯಲ್ಲಿ ದಾಟಬಲ್ಲರು ಎಂದು ನಂಬಿ ಉತ್ತರ ಕೊಟ್ಟ. ಆ ಉತ್ತರ ತಪ್ಪು, ಅದು ಆಗದ ಕೆಲಸ ಎಂದು ಹೇಳಿದವನು ಫ್ರಾನ್ಸಿನ ಬಾಶೆ. ಅವನ ಪುಸ್ತಕ ಮೊದಲು ಅಚ್ಚಾದದ್ದು 1612ರಲ್ಲಿ. ಹೆಜ್ಜೆ ಹೆಜ್ಜೆಯಾಗಿ ದಾರಿ ಹೇಳುತ್ತ ಹೋಗುವಾಗ ತಾರ್ತಾಲ್ಯನಂಥವನೂ ಎಲ್ಲೋ ಒಂದು ದಡದ ಮೇಲೆ ಕಣ್ಣು ತಪ್ಪಿಸಬಲ್ಲ. ಸ್ಥಿತಿಗಳನ್ನೆಲ್ಲ ಬರೆದಿಟ್ಟ ಹಾಳೆಯಲ್ಲಾದರೆ ಆರಂಭದ ಕಡೆಯ ಸೊನ್ನೆಗಳು ಒಂದು ಗುಂಪಾಗಿ, ಕೊನೆಯ ಕಡೆಯವು ಇನ್ನೊಂದು ಗುಂಪಾಗಿ, ನಡುವೆ ಗೆರೆಯೇ ಇಲ್ಲದೆ ನಿಲ್ಲುತ್ತವೆ.

ಒಗಟನ್ನು ಹೀಗೆ ಎಣಿಸಿ ಬಿಡಿಸಿದರೆ ಅದರ ಸವಿಯೇ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಸವಿ ಎಲ್ಲಿತ್ತು ಎಂಬುದನ್ನು ತೋರಿಸಿಕೊಡುವುದೂ ಈ ಚಿತ್ರವೇ. ಒಂದೊಂದು ಸಲ ದೋಣಿ ದಾಟಿದ ಮೇಲೂ ಆಚೆ ದಡದಲ್ಲಿ ಎಷ್ಟು ಸೇರಿವೆ ಎಂದು ಲೆಕ್ಕ ಇಟ್ಟರೆ 1, 1, 2, 1, 2, 2, 3 ಎಂದು ಬರುತ್ತದೆ. ಎರಡಕ್ಕೆ ಏರಿದ್ದು ಮತ್ತೆ ಒಂದಕ್ಕೆ ಇಳಿಯುವ ನಾಲ್ಕನೆಯ ದಾಟಿನಲ್ಲೇ ಸೀನ ಮುಗ್ಗರಿಸಿದ್ದು. ದಾಟಿಸಿದ ಮೇಕೆಯನ್ನು ವಾಪಸ್ ತರುವುದು ಸೋಲಿನಂತೆ ಕಾಣುತ್ತದೆ, ದಂಡದಂತೆ ಕಾಣುತ್ತದೆ. ಅದಕ್ಕೇ ಅವನ ಮನಸ್ಸು ಐದರ ದಾರಿಗೆ ಹಂಬಲಿಸಿತು. ಆದರೆ ಬಳೆಯ ಮೇಲೆ ಬೆರಳಾಡಿಸಿದರೆ ಆ ಗೆರೆ ಹಿಂದಕ್ಕೆ ಹೋಗುವುದಿಲ್ಲ, ಕೊನೆಯ ಸೊನ್ನೆಗೆ ಒಂದು ಗೆರೆ ಹತ್ತಿರವೇ ಆಗುತ್ತದೆ. ಮೇಲ್ಬದಿಯಲ್ಲಿ ನಡೆದರೂ ಕೆಳಬದಿಯಲ್ಲಿ ನಡೆದರೂ ಅಂಥದೊಂದು ಗೆರೆಯನ್ನು ದಾಟದೆ ಎದುರು ಬಾಗಿಲು ಸಿಗದು. ಕಥೆಯ ಕೊನೆಯಲ್ಲಿ ಸೀನ ತನ್ನ ಪ್ರಶ್ನೆಯನ್ನು ಮತ್ತೆ ಕೇಳಬೇಕಾಗಿಲ್ಲ. ಮಂಜ ಹೇಳಿದನೆಂದು ಅವನು ಸುಮ್ಮನಾಗುವುದೂ ಅಲ್ಲ. ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಹತ್ತು ಸೊನ್ನೆಗಳನ್ನೂ ಹತ್ತು ಗೆರೆಗಳನ್ನೂ ತಾನೇ ಇನ್ನೊಮ್ಮೆ ಎಣಿಸಿದ ಮೇಲೆ ಸುಮ್ಮನಾಗುತ್ತಾನೆ.